ಹೊಳವಿನ ಲೆಕ್ಕ

ಮಲೆನಾಡಿನ ಖಾಸಗಿ ಬಸ್ಸಿನ ಕಂಡಕ್ಟರ್ ಅಂದರೆ ಟಿಕೆಟ್ ಹರಿಯುವವರು ಮಾತ್ರ ಅಲ್ಲ. ಬೆಳಗಿನ ಪೇಪರ್ ಕಟ್ಟು, ಅಜ್ಜನ ಬಿಪಿ ಮಾತ್ರೆ, ಹಾಸ್ಟೆಲಿನ ಮಗನಿಗೆ ಹಲಸಿನ ಹಪ್ಪಳ, ರಿಪೇರಿಗೆ ಹೊರಟ ಮಿಕ್ಸಿ ಜಾರು, ಮದುವೆ ಕರೆಯೋಲೆ, ಎಲ್ಲವೂ ಅವರ ಕೈಯಲ್ಲೇ ಹೋಗಬೇಕು. ದುಡ್ಡು ಕೊಟ್ಟರೆ ಸರಿ, ಕೊಡದಿದ್ದರೂ ಸರಿ. 'ಉಪಕಾರ' ಅಂತ ಹೆಸರಿಟ್ಟ ಕೆಲಸಕ್ಕೆ ಯಾರೂ ರೇಟು ಕೇಳುವುದಿಲ್ಲ. ಅದಕ್ಕೇ ಇರಬೇಕು, ಅದರೊಳಗೆ ಒಂದು ವ್ಯಾಪಾರ ಕೂತಿದೆ ಅಂತ ಹೆಚ್ಚಿನವರ ತಲೆಗೆ ಹೋಗುವುದೂ ಇಲ್ಲ.

ಒಬ್ಬರ ತಲೆಗೆ ಹೋಯಿತು. ಅವರ ಕಥೆ ಇದು. ಕಥೆ ಅಂತಲೇ ಓದಿ. ಕಂಡಕ್ಟರು ನಾನು ಕಟ್ಟಿದವರು, ಅವರ ಲೆಕ್ಕದ ಅಂಕಿಗಳೂ ನಾನು ಹಾಕಿದವು. ಪಂಪು, ವಾಷರು, ಕೊಳೆರೋಗ, ಮಳೆ ಮಾತ್ರ ನಮ್ಮ ಕಡೆ ಇರುವ ಹಾಗೆಯೇ ಇವೆ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ಎಡಕ್ಕೋ ಬಲಕ್ಕೋ ಒಳಗೆ ತಿರುಗಿದರೆ ಸಿಗುವಂಥ ಊರು. ಬಸ್ಸು ರಾತ್ರಿ ಅಲ್ಲೇ ಹಾಲ್ಟ್. ಬೆಳಿಗ್ಗೆ ಏಳಕ್ಕೆ ಹೊರಟು ಎಂಟೂವರೆಗೆ ಪೇಟೆ ಮುಟ್ಟುತ್ತದೆ. ಆಮೇಲೆ ಹನ್ನೊಂದಕ್ಕೆ ಇನ್ನೊಂದು ರೂಟಿನಲ್ಲಿ ಒಂದು ಟ್ರಿಪ್. ಸಂಜೆ ಐದಕ್ಕೆ ವಾಪಸ್ ಊರಿನ ಕಡೆ. ನಡುವೆ ಬೇರೆ ಬಸ್ಸಿಲ್ಲ. ಅಂದರೆ ಬೆಳಿಗ್ಗೆ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟರೆ ಸಾಮಾನು ಕೈಗೆ ಸಿಗುವುದು ಸಂಜೆ ಆರೂವರೆಗೆ. ಮಾತ್ರೆಗೋ ಮಿಕ್ಸಿ ಜಾರಿಗೋ ಇದು ಸಾಕು. ಜುಲೈ ತಿಂಗಳಲ್ಲಿ ಔಷಧಿ ಪಂಪಿನ ವಾಷರಿಗೆ ಸಾಲುವುದಿಲ್ಲ.

ಅಡಿಕೆ ಬೆಳೆಯದವರಿಗಾಗಿ ಯಾಕೆ ಅಂತ ಸ್ವಲ್ಪ ಹೇಳಬೇಕು.

ಕೊಳೆರೋಗ ಮಳೆಗಾಲದ ರೋಗ. ಎಳೆಯ ಕಾಯಿಯ ಮೇಲೆ ಮೊದಲು ನೀರು ಕುಡಿದಂಥ ಕಲೆ ಮೂಡುತ್ತದೆ. ಆಮೇಲೆ ಕಾಯಿ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು. ಮಳೆಹನಿ, ಗಾಳಿ ಅದನ್ನು ಗೊನೆಯಿಂದ ಗೊನೆಗೆ ಒಯ್ಯುತ್ತವೆ. ಬಿಡದೆ ಮಳೆ ಹಿಡಿದರೆ ವರ್ಷದ ಬೆಳೆ ಮರದ ಬುಡದಲ್ಲಿ ಬಿದ್ದಿರುತ್ತದೆ. ಇದಕ್ಕೆ ಮದ್ದು ಬೋರ್ಡೋ ದ್ರಾವಣ. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮಲೆನಾಡಿನ ಈ ರೋಗದ ಬೆನ್ನು ಹತ್ತಿ, 1910ರ ಹೊತ್ತಿಗೇ ಅದರ ಬಗ್ಗೆ ಬರೆದಿದ್ದರು. ಬೋರ್ಡೋ ಹೊಡೆಯುವುದನ್ನು ನಮ್ಮ ತೋಟಗಳಿಗೆ ರೂಢಿ ಮಾಡಿಸಿದವರಲ್ಲಿ ಅವರೇ ಮೊದಲಿಗರು. ಮದ್ದು ಬಂದು ನೂರು ವರ್ಷ ದಾಟಿತು. ಅದನ್ನು ಗೊನೆಗೆ ಮುಟ್ಟಿಸುವ ಪಂಪಿನ ವಾಷರು ಮಾತ್ರ ಇವತ್ತಿಗೂ ಸಂಜೆ ಬಸ್ಸಿಗೇ ಬರಬೇಕು!

ಒಂದು ಕೆಜಿ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಐವತ್ತು ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕರಗಿಸಿ, ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಸುರಿಯುತ್ತಾರೆ. ಕಬ್ಬಿಣದ ಪಾತ್ರೆ ಆಗದು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯ ಬಾಯನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು ಅಂತ. ಹೀಗೆ ಕಲಸಿದ್ದನ್ನು ಅವತ್ತೇ ಖಾಲಿ ಮಾಡಬೇಕು, ಮರುದಿನಕ್ಕೆ ಇಟ್ಟರೆ ಕಸುವಿಲ್ಲ. ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ. ಎರಡನೆಯದು ನಲವತ್ತು, ನಲವತ್ತೈದು ದಿನ ಬಿಟ್ಟು. ಆ ಎರಡನೆಯದು ಸರಿಯಾಗಿ ಪುನರ್ವಸು ಮಳೆಯ ನಡುವೆ ಬಂದು ಕೂರುತ್ತದೆ. ಮಳೆ ಸುರಿಯುವಾಗ ಹೊಡೆದರೆ ತೊಳೆದು ಹೋಗುತ್ತದೆ, ಮರ ಹತ್ತುವವನ ಕಾಲೂ ಜಾರುತ್ತದೆ. ಹಾಗಾಗಿ ಹೊಳವಿಗೆ ಕಾಯಬೇಕು. ಒಂದು ಬೆಳಿಗ್ಗೆ ಮಳೆ ನಿಂತು ಆಕಾಶ ಸ್ವಲ್ಪ ತೆರೆದರೆ ಊರಿಗೆ ಊರೇ ಡ್ರಮ್ಮು ಹೊರಗೆ ತೆಗೆಯುತ್ತದೆ.

ಕೈಯಿಂದ ಹ್ಯಾಂಡಲ್ ಎಳೆದು ಔಷಧಿ ಹೊಡೆಯುವ ಗಟಾರ್ ಪಂಪು ಕೈಕೊಡುವುದೂ ಅವತ್ತೇ. ಹತ್ತು ತಿಂಗಳು ಕೊಟ್ಟಿಗೆಯ ಅಟ್ಟದ ಮೇಲಿದ್ದ ಪಂಪು ಇನ್ಯಾವತ್ತು ಕೈಕೊಡಬೇಕು ಹೇಳಿ?

ನಮ್ಮ ಕಂಡಕ್ಟರು ಮೊದಲು ನೋಡಿದ್ದು ಇದನ್ನೇ. ಹೊಳವಾದ ದಿನ ಬಸ್ಸಿನಲ್ಲಿ ಪ್ರಯಾಣಿಕರು ಕಡಿಮೆ, ಚೀಟಿ ಜಾಸ್ತಿ. ದಾರಿಯುದ್ದಕ್ಕೂ ಕೈ ಅಡ್ಡ ಹಾಕುವವರೇ. ಒಬ್ಬರ ಕೈಯಲ್ಲಿ ಹರಿದ ವಾಷರು, ಇನ್ನೊಬ್ಬರ ಕೈಯಲ್ಲಿ ಸವೆದ ನಾಜಲ್ಲು, ಮತ್ತೊಬ್ಬರ ಕೈಯಲ್ಲಿ ಬರೀ ನೂರರ ನೋಟು.

"ಕಂಡಕ್ಟ್ರೇ, ಗಟಾರ್ ಪಂಪಿಂದು ವಾಷರ್ ಒಂದು ತರಬೇಕಲ್ಲ."

"ಯಾವ ಅಳತೆದು ಗೌಡ್ರೇ?"

"ಎಂಥ ಅಳತೆ ಮಾರಾಯ್ರೇ, ವಾಷರ್ ಅಂದ್ರೆ ಅಂಗಡಿಯವ್ನೇ ಕೊಡ್ತಾನೆ."

ಅಂಗಡಿಯವನು ಕೊಟ್ಟಿದ್ದು ಕೂರಲಿಲ್ಲ. ಮರುದಿನ ಬೆಳಿಗ್ಗೆ ವಾಪಸ್, ಸಂಜೆ ಮತ್ತೊಂದು. ಅಷ್ಟರಲ್ಲಿ ಹೊಳವು ಮುಗಿದಿತ್ತು. ಗೌಡರು ಬೈಯಲಿಲ್ಲ. ಸಂಜೆ ಮಳೆಯಲ್ಲಿ ಕೊಡೆ ಹಿಡಿದು ನಿಂತವರು, "ಒಂದು ಡ್ರಮ್ಮು ಔಷಧಿ ಚರಂಡಿಗೆ ಹೋಯ್ತು ನೋಡಿ" ಅಂದರು ಅಷ್ಟೆ. ಕಂಡಕ್ಟರು ಸೀಟಿನಲ್ಲಿ ಕೂತು ಲೆಕ್ಕ ಹಾಕಿದರು. ವಾಷರಿನ ಬೆಲೆ ಮೂವತ್ತು ರೂಪಾಯಿ. ಹಾಳಾಗಿದ್ದು ಒಂದು ಡ್ರಮ್ಮಿನ ಮೈಲುತುತ್ತ, ಹ್ಯಾಂಡಲ್ ಎಳೆಯುವವನ ಮತ್ತು ಮರ ಹತ್ತುವವನ ಕೂಲಿ, ಮತ್ತೆ ಆ ಮರ ಹತ್ತುವವನು ಇನ್ನು ಈ ತೋಟಕ್ಕೆ ಬರುವ ಸರದಿ. ಕೊನೆಯದು ಎಲ್ಲಕ್ಕಿಂತ ದುಬಾರಿ. ಮರ ಹತ್ತುವವರು ಊರಿಗೆ ಇಬ್ಬರೋ ಮೂವರೋ. ಒಂದು ದಿನ ತಪ್ಪಿದರೆ ಮತ್ತೆ ವಾರ ಕಾಯಬೇಕು. ಮೂವತ್ತು ರೂಪಾಯಿಯ ತುಂಡಿಗೆ ಸಾವಿರಗಟ್ಟಲೆ ನಷ್ಟ ಅಂತಾದರೆ ಅದನ್ನು ಯಾರೂ ಊರಲ್ಲಿ ಯಾಕೆ ಇಟ್ಟುಕೊಂಡಿಲ್ಲ?

ಊರಿನ ಕಿರಾಣಿ ಅಂಗಡಿಯವರನ್ನು ಕೇಳಿದರೆ ಉತ್ತರ ಸಿದ್ಧವಿತ್ತು. ವರ್ಷಕ್ಕೆ ಎರಡು ತಿಂಗಳು ಹೋಗುವ ಮಾಲು, ಹತ್ತು ಅಳತೆ, ಯಾವುದು ಹೋಗುತ್ತದೆ ಗೊತ್ತಿಲ್ಲ, ಉಳಿದದ್ದು ಗಟ್ಟಿಯಾಗಿ ಹಾಳು. ಅವರು ಹೇಳಿದ್ದು ಸರಿಯೇ. ಆದರೆ ಯಾವುದು ಹೋಗುತ್ತದೆ ಅಂತ ಗೊತ್ತಾಗುವ ಜಾಗವೊಂದಿತ್ತು. ಅದು ಬಸ್ಸಿನ ಫುಟ್‌ಬೋರ್ಡು. ರೂಟಿನ ಎಲ್ಲ ಮನೆಯ ಹರಿದ ವಾಷರೂ ಹಾದು ಹೋಗುವುದು ಅಲ್ಲೇ.

ಅವರು ಮಾಡಿದ ಮೊದಲ ಕೆಲಸ ಒಂದು ನಿಯಮ. ಹಳೇ ತುಂಡು ಕೊಡದೆ ಹೊಸದು ತರುವುದಿಲ್ಲ. ಎರಡನೆಯದು ಒಂದು ನೂರು ಪುಟದ ನೋಟ್‌ಬುಕ್ಕು. ಯಾವ ಮನೆ, ಯಾವ ಕಂಪನಿಯ ಪಂಪು, ಏನು ಹೋಯಿತು, ಯಾವ ತಾರೀಖು. ಹಳೇ ತುಂಡನ್ನು ಎಸೆಯದೆ ಮನೆ ಹೆಸರಿನ ಚೀಟಿ ಕಟ್ಟಿ ಬಿಸ್ಕತ್ ಡಬ್ಬದಲ್ಲಿಟ್ಟರು. ಒಂದು ಮಳೆಗಾಲ ಇಷ್ಟೇ. ಏನೂ ಮಾರಲಿಲ್ಲ, ಸುಮ್ನೆ ಬರೆದುಕೊಂಡರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಈ ಸುಮ್ಮನಿದ್ದ ಮಳೆಗಾಲ. ಐಡಿಯಾ ಹೊಳೆದ ಮರುದಿನ ಸಾಲ ಎತ್ತಿ ಬೋರ್ಡು ಹಾಕುವವರನ್ನು ನಾವು ಸಾಕಷ್ಟು ನೋಡಿದ್ದೇವೆ.

ಮಳೆಗಾಲ ಮುಗಿದ ಮೇಲೆ ಡಬ್ಬ ತೆಗೆದು ವಿಂಗಡಿಸಿದರೆ, ಹತ್ತು ಬಗೆ ಅಂದುಕೊಂಡಿದ್ದು ನಿಜವಾಗಿ ನಾಲ್ಕೇ. ರೂಟಿನ ಮುಕ್ಕಾಲು ಮನೆಗಳಲ್ಲಿ ಎರಡೇ ನಮೂನೆಯ ಪಂಪು. ಕಾರಣ ಸರಳ. ಒಬ್ಬರು ತಂದದ್ದನ್ನು ನೋಡಿ ಪಕ್ಕದ ಮನೆಯವರೂ ಅದನ್ನೇ ತಂದಿದ್ದರು. ಅಂಗಡಿಯವರು ಹೆದರಿದಷ್ಟು ದೊಡ್ಡ ದಾಸ್ತಾನೇನೂ ಬೇಕಿರಲಿಲ್ಲ.

ಮುಂದಿನ ವರ್ಷ ಬಸ್ಸಿನ ಮಾಲೀಕರ ಹತ್ತಿರ ಹೋಗಿ ಕೇಳಿದರು. ಹಿಂದಿನ ಸೀಟಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಳ್ಳಲಾ ಅಂತ. ಮಾಲೀಕರು ಹೇಳಿದ್ದು ಒಂದೇ ಮಾತು: "ಕಲೆಕ್ಷನ್ ಚೀಲಕ್ಕೆ ನಿನ್ನ ದುಡ್ಡು ಸೇರಬಾರದು ನೋಡು." ಇದು ಎಚ್ಚರಿಕೆಯೂ ಹೌದು, ಒಳ್ಳೆಯ ಬುದ್ಧಿಯೂ ಹೌದು. ಟಿಕೆಟ್ ದುಡ್ಡಿನಿಂದ ಚಿಲ್ಲರೆ ಕೊಟ್ಟು, ಆಮೇಲೆ ವಾಷರ್ ದುಡ್ಡಿನಿಂದ ತುಂಬಿಸಿದರೆ ರಾತ್ರಿ ಲೆಕ್ಕ ಕೂರುವುದಿಲ್ಲ. ಹತ್ತು ರೂಪಾಯಿ ಕಡಿಮೆ ಬಂದರೂ ಕಂಡಕ್ಟರಿನ ಮೇಲೆ ಅನುಮಾನ. ಹಾಗಾಗಿ ಪೆಟ್ಟಿಗೆಯ ದುಡ್ಡಿಗೆ ಸೊಂಟದಲ್ಲಿ ಬೇರೆ ಸಣ್ಣ ಚೀಲ. ಚಿಲ್ಲರೆ ಇಲ್ಲದಿದ್ದರೆ ವಾಷರು ಕೊಡುತ್ತಿದ್ದರು, ದುಡ್ಡು ನಾಳೆ. ಟಿಕೆಟ್ ಚೀಲ ಮಾತ್ರ ಮುಟ್ಟುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಎಪ್ಪತ್ತು ಚಿಲ್ಲರೆ ವಾಷರು ಹೋದವು. ಒಂದಕ್ಕೆ ಆರು ರೂಪಾಯಿ ಉಳಿತಾಯ. ನಾಜಲ್ಲು, ಪೈಪಿನ ಕ್ಲಿಪ್ಪು ಸೇರಿ ಸಾವಿರದ ಒಳಗೇ ಲಾಭ. ಅದರಲ್ಲಿ ಉದ್ರಿ ನಿಂತದ್ದು ಇನ್ನೂರು. ಇಷ್ಟಕ್ಕೆ ವ್ಯಾಪಾರ ಅನ್ನಬೇಕಾ ಅಂತ ಹೆಂಡತಿ ಕೇಳಿದ್ದರಲ್ಲಿ ತಪ್ಪೇನಿಲ್ಲ.

ಜೊತೆಗೆ ಇನ್ನೊಂದು ಪೇಚು. ಹೊಸ ವಾಷರು ಒಯ್ದವರಲ್ಲಿ ಕೆಲವರು ಮರುದಿನ ಅದೇ ದೂರು ಹೇಳಿಕೊಂಡು ಬರುತ್ತಿದ್ದರು. ಹಾಕಿದೆವು, ಆದರೂ ಪ್ರೆಶರ್ ಬರುತ್ತಿಲ್ಲ. ಪೇಟೆಯಲ್ಲಿ ಎಂಟೂವರೆಯಿಂದ ಹನ್ನೊಂದರವರೆಗೆ ಬಸ್ಸು ಸುಮ್ಮನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಚಹಾ ಅಂಗಡಿ ಬಿಟ್ಟು, ಪಂಪು ರಿಪೇರಿಯ ಹಿರಿಯ ಮೆಕ್ಯಾನಿಕ್ಕರ ಹತ್ತಿರ ಹೋಗಿ ಕೂರತೊಡಗಿದರು. ಅವರು ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಪಂಪು ಬಿಚ್ಚುವ ಮುಂಚೆ ಹ್ಯಾಂಡಲ್ ಏನು ಹೇಳುತ್ತದೆ ಕೇಳು ಅಂದರು. ಹ್ಯಾಂಡಲ್ ಹಗುರವಾಗಿ ಓಡಾಡಿ ನೀರೇ ಎತ್ತದಿದ್ದರೆ ವಾಷರು ಒಣಗಿದೆ ಅಥವಾ ಹರಿದಿದೆ. ಪ್ರೆಶರ್ ಏರಿ, ಎಳೆಯುವುದು ನಿಲ್ಲಿಸಿದ ಕೂಡಲೇ ಇಳಿದರೆ ವಾಷರಿನದು ತಪ್ಪಲ್ಲ. ವಾಲ್ವಿನ ಗುಂಡಿನ ಕೆಳಗೆ ಸುಣ್ಣದ ಕಾಳು ಕೂತಿದೆ. ಹ್ಯಾಂಡಲ್ ಮೇಲೆತ್ತುವಾಗಲೇ ಬಿಗಿ ಬಂದರೆ ಡ್ರಮ್ಮಿನೊಳಗಿನ ಜಾಲರಿ ಕಟ್ಟಿದೆ. ಪ್ರೆಶರ್ ಚೆನ್ನಾಗಿದ್ದು ಮೇಲೆ ಔಷಧಿ ಮಂಜಿನ ಹಾಗೆ ಬಾರದೆ ದಾರದ ಹಾಗೆ ಬಂದರೆ ನಾಜಲ್ಲಿನ ತೂತು ಸವೆದಿದೆ.

ಆ ಮೇಲೆ ಕಂಡಕ್ಟರು ವಾಷರು ಕೊಡುವ ಮುಂಚೆ ಪ್ರಶ್ನೆ ಕೇಳಲು ಶುರು ಮಾಡಿದರು.

"ಎಳೆಯೋದು ನಿಲ್ಸಿದ್ರೆ ಪ್ರೆಶರ್ ನಿಲ್ತದಾ, ಇಳೀತದಾ?"

"ಇಳೀತದೆ."

"ಹಾಗಾದ್ರೆ ವಾಷರ್ ಬೇಡ ಹೆಗ್ಡೇರೇ. ವಾಲ್ವ್ ಬಿಚ್ಚಿ ಗುಂಡು ತೊಳೀರಿ. ಸುಣ್ಣ ಕೂತಿರ್ತದೆ. ನಾಳೆಯಿಂದ ಸುಣ್ಣದ ನೀರನ್ನ ಬಟ್ಟೆಲಿ ಸೋಸಿ ಹಾಕಿ."

ಮೂವತ್ತು ರೂಪಾಯಿಯ ಗಿರಾಕಿಯನ್ನು ಬರಿಗೈಲಿ ಕಳಿಸಿದರೆ ವ್ಯಾಪಾರ ಆಗುತ್ತದಾ? ಆ ದಿನದ ಮಟ್ಟಿಗೆ ಇಲ್ಲ. ಆದರೆ ಮಧ್ಯಾಹ್ನದ ಒಳಗೆ ಹೆಗ್ಡೇರ ಪಂಪು ನಡೆಯಿತು. ಮಾತು ರೂಟಿನುದ್ದಕ್ಕೂ ಬಸ್ಸಿಗಿಂತ ಮುಂದೆ ಹೋಯಿತು.

ಎರಡು ಮಳೆಗಾಲದ ನೋಟ್‌ಬುಕ್ಕನ್ನು ಒಟ್ಟಿಗೆ ಓದಿದಾಗ ಅವರಿಗೆ ಅಸಲು ವಿಷಯ ಕಂಡಿತು. ಬರೆದಿದ್ದ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೇ ತಿಂಗಳಲ್ಲೇ ಸರಿ ಮಾಡಬಹುದಾದವು. ಹೋದ ವರ್ಷ ಕೆಲಸ ಮುಗಿಸಿ ಪಂಪಿನೊಳಗೆ ಒಳ್ಳೆ ನೀರು ಹಾಯಿಸದೆ ಇಟ್ಟಿದ್ದಾರೆ. ಮೈಲುತುತ್ತ ಕಬ್ಬಿಣದ ಭಾಗ ತಿಂದಿದೆ, ಸುಣ್ಣ ವಾಲ್ವಿನಲ್ಲಿ ಕಲ್ಲಾಗಿದೆ, ತೊಗಲಿನ ವಾಷರು ಎಣ್ಣೆ ಕಾಣದೆ ಬಿರಿದಿದೆ. ಉಳಿದ ದೂರುಗಳಿಗೆ ತುಂಡು ಸಿಕ್ಕರೂ ಸಾಲದು. ಬಿಚ್ಚಿ ಕೂರಿಸುವಷ್ಟರಲ್ಲಿ ಹೊಳವು ಹೋಗುತ್ತದೆ. ಅವರಿಗೆ ಬೇಕಿರುವುದು ಆ ಹೊತ್ತಿಗೆ ನಡೆಯುವ ಇನ್ನೊಂದು ಪಂಪು.

ಇಲ್ಲಿಂದ ಪೆಟ್ಟಿಗೆ ಹಿಂದೆ ಸರಿಯಿತು. ಮೂರನೆಯ ವರ್ಷ ಏಪ್ರಿಲ್ ಕೊನೆಗೆ ಅವರು ಮನೆಮನೆಗೆ ಹೇಳಿದರು. ಪಂಪನ್ನು ಬಸ್ಸಿನ ಟಾಪಿಗೆ ಹಾಕಿ, ಬಿಚ್ಚಿ, ಹುಣಸೆಹುಳಿ ನೀರಿನಲ್ಲಿ ಸುಣ್ಣ ಬಿಡಿಸಿ, ವಾಷರು ಎಣ್ಣೆಯಲ್ಲಿ ನೆನೆಸಿ, ಗುಂಡು, ಸೀಟು ನೋಡಿ, ನೀರಿನಲ್ಲಿ ನಡೆಸಿ ತೋರಿಸಿ ವಾಪಸ್ ಕೊಡುತ್ತೇನೆ. ಮಳೆಗಾಲದಲ್ಲಿ ಕೆಟ್ಟರೆ ಬದಲಿ ಪಂಪು ನನ್ನ ಕಡೆಯಿಂದ. ವರ್ಷಕ್ಕೆ ಏಳುನೂರು ರೂಪಾಯಿ, ಮೊದಲೇ ಕೊಡಬೇಕು.

'ಮೊದಲೇ' ಅನ್ನುವುದೇ ಇದರ ಗುಟ್ಟು. ಅಡಿಕೆ ಮನೆಗಳಲ್ಲಿ ದುಡ್ಡಿಗೂ ಋತು ಇದೆ. ಚಳಿಗಾಲದಲ್ಲಿ ಕೊಯ್ಲು, ಸುಲಿದು ಬೇಯಿಸಿ ಒಣಗಿಸಿ ಮಂಡಿಗೋ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸಿಗೋ ಹಾಕಿದ ಮೇಲೆ ಬೇಸಿಗೆಯಲ್ಲಿ ಕೈಯಲ್ಲಿ ಕಾಸು ಓಡಾಡುತ್ತದೆ. ಮಳೆಗಾಲದಲ್ಲಿ ಕೂಲಿ, ಔಷಧಿ, ಮಕ್ಕಳ ಫೀಸು ಸೇರಿ ಕೈ ಖಾಲಿ. ಜುಲೈಯಲ್ಲಿ ಪಂಪು ರಿಪೇರಿ ಮಾಡಿ ದುಡ್ಡು ಕೇಳಿದರೆ "ಅಡಿಕೆ ಕೊಟ್ಟ ಮೇಲೆ" ಅನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಬರುವುದು ಮುಂದಿನ ಫೆಬ್ರವರಿಗೆ. ಬಂಡವಾಳ ಇಲ್ಲದ ಕಂಡಕ್ಟರಿಗೆ ಎಂಟು ತಿಂಗಳ ಉದ್ರಿ ತಡೆಯುವುದು ಸಾಧ್ಯವಿರಲಿಲ್ಲ. ಅದೇ ಏಳುನೂರನ್ನು ಏಪ್ರಿಲಿನಲ್ಲಿ ಕೇಳಿದರೆ ಬಸ್ಸಿನ ಕಿಟಕಿಯಲ್ಲೇ ಎಣಿಸಿ ಕೊಟ್ಟರು.

ನಲವತ್ತು ಮನೆಯವರು ಒಪ್ಪಿದರು. ಇಪ್ಪತ್ತೆಂಟು ಸಾವಿರ. ಪಂಪಿಗೆ ಸರಾಸರಿ ನೂರ ಎಂಬತ್ತರ ಸಾಮಾನು, ಅದಕ್ಕೆ ಏಳು ಸಾವಿರದ ಇನ್ನೂರು. ಪಂಪು ಬಿಚ್ಚಿ ಕೂರಿಸಲು ರಸ್ತೆ ಬದಿಯಲ್ಲಿ ಒಂದು ಕೋಣೆ, ಆರು ತಿಂಗಳ ಬಾಡಿಗೆ ಮೂರು ಸಾವಿರ. ಬಸ್ಸಿನ ಮಾಲೀಕರಿಗೆ ಲಗೇಜು ಅಂತ ಎರಡು ಸಾವಿರ, ಅವರು ಬೇಡ ಅಂದರೂ ಕೊಟ್ಟರು. ಹಳೇ ಪಂಪು ಐದು ಕೊಂಡು ರಿಪೇರಿ ಮಾಡಿಸಲು ಹನ್ನೆರಡೂವರೆ ಸಾವಿರ. ಮೊದಲ ವರ್ಷ ಉಳಿದದ್ದು ಮೂರು ಸಾವಿರ ಚಿಲ್ಲರೆ. ಆದರೆ ಆ ಐದು ಪಂಪು ಮುಂದಿನ ಐದಾರು ವರ್ಷ ದುಡಿಯುತ್ತವೆ. ವರ್ಷಕ್ಕೆ ಎರಡೂವರೆ ಸಾವಿರ ಅವಕ್ಕೆ ಅಂತ ತೆಗೆದಿಟ್ಟರೂ ಹದಿಮೂರು ಸಾವಿರ ಉಳಿಯುವ ಕಸುಬು ಅದು. ಕೆಲಸ ಬಿಡುವಷ್ಟು ದೊಡ್ಡದಲ್ಲ. ಕಂಡಕ್ಟರೂ ಬಿಡಲಿಲ್ಲ.

ಪರೀಕ್ಷೆ ಬಂದದ್ದು ಅದೇ ಜುಲೈಯಲ್ಲಿ. ಹನ್ನೊಂದು ದಿನ ಬಿಡದೆ ಹೊಡೆದ ಮಳೆ ಒಂದು ಬೆಳಿಗ್ಗೆ ನಿಂತಿತು. ಇಡೀ ರೂಟು ಅವತ್ತೇ ಔಷಧಿಗೆ ಇಳಿಯಿತು. ಹತ್ತು ಗಂಟೆಯೊಳಗೆ ಎಂಟು ಕಡೆಯಿಂದ ಫೋನು, ಬದಲಿ ಪಂಪು ಇರುವುದು ಐದು. ಅವರ ತಮ್ಮನ ಮಗ ಕೋಣೆಯಲ್ಲಿದ್ದ. ಆಟೋದಲ್ಲಿ ಒಯ್ದು ಕೊಡಬೇಕಾದವನು ಅವನೇ.

"ಯಾರಿಗೆ ಮೊದಲು ಕೊಡ್ಲಿ ದೊಡ್ಡಪ್ಪ? ಪಟೇಲರ ಮನೆಯವ್ರು ಜೋರು ಮಾಡ್ತಿದಾರೆ."

"ಜೋರು ಬಿಡು. ಔಷಧಿ ಕಲಸಿ ಆಗಿದೆಯಾ ಕೇಳು. ಕಲಸಿದವರಿಗೆ ಮೊದಲು. ಕಲಸದೇ ಇದ್ದವರಿಗೆ ಇವತ್ತು ಕಲಸಬೇಡಿ ಅಂತ ಹೇಳು."

ಕಲಸಿದ್ದು ಸಂಜೆಗೆ ಹಾಳು, ಕಲಸದ ಮೈಲುತುತ್ತ ಡಬ್ಬದಲ್ಲಿ ಭದ್ರ. ಇಷ್ಟೇ ತರ್ಕ. ಪಟೇಲರ ಮನೆಯಲ್ಲಿ ಇನ್ನೂ ಕಲಸಿರಲಿಲ್ಲ, ಅವರಿಗೆ ಸಿಗಲಿಲ್ಲ. ಮುಂದಿನ ವರ್ಷ ಅವರು ಏಳುನೂರು ಕೊಡಲಿಲ್ಲ. ಅದರ ಮುಂದಿನ ವರ್ಷ ಕೊಟ್ಟರು. ಆದರೆ ಕಂಡಕ್ಟರು ಆ ದಿನದಿಂದ ಒಂದು ಮಿತಿ ಹಾಕಿಕೊಂಡರು. ಎಂಟು ಮನೆಗೆ ಒಂದು ಬದಲಿ ಪಂಪು ಇರಲೇಬೇಕು. ಇಲ್ಲದಿದ್ದರೆ ಹೊಸ ಮನೆ ಸೇರಿಸುವುದಿಲ್ಲ. ಸರಾಸರಿ ದಿನಕ್ಕೆ ಇದು ಅತಿಯಾಯಿತು, ಹೊಳವಿನ ದಿನಕ್ಕೆ ಕಮ್ಮಿಯೇ. ಎಲ್ಲರೂ ಒಟ್ಟಿಗೆ ಕೇಳುವ ದಿನಕ್ಕೆ ಪೂರ್ತಿ ಸಾಕಾಗುವಷ್ಟು ಪಂಪು ಕೊಂಡರೆ ಏಳುನೂರಕ್ಕೆ ಗಿಟ್ಟುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಅದನ್ನು ದುಡ್ಡು ತೆಗೆದುಕೊಳ್ಳುವಾಗಲೇ ಬಾಯಿಬಿಟ್ಟು ಹೇಳುತ್ತಿದ್ದರು.

ಉಳಿದ ತಿಂಗಳುಗಳು ನಿಧಾನಕ್ಕೆ ತಾವೇ ತುಂಬಿಕೊಂಡವು. ಚಳಿಗಾಲದಲ್ಲಿ ಅಡಿಕೆ ಸುಲಿಯುವ ಯಂತ್ರದ ಬೆಲ್ಟು, ಬೇರಿಂಗು. ಬೇಸಿಗೆಯಲ್ಲಿ ಸ್ಪ್ರಿಂಕ್ಲರಿನ ವಾಷರು. ಬೆಲ್ಟಿನ ಮೇಲೆ ನಂಬರು ಅಚ್ಚಾಗಿರುತ್ತದೆ, ಅಳಿಸಿ ಹೋಗುವ ಮುಂಚೆ ಯಂತ್ರದ ಮೇಲೆ ಪೇಂಟಿನಲ್ಲಿ ಬರೆದಿಡಿ ಅಂತ ಹೇಳಿದ್ದು ಅವರೇ. ಈಗ ಆ ಕಡೆಯ ಮನೆಗಳಲ್ಲಿ ಯಂತ್ರದ ಮೈಮೇಲೆ ನಂಬರು ಕಾಣುತ್ತದೆ.

2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ ಅಂತಾಯಿತು. ಒಳ್ಳೆಯದೇ, ನಮ್ಮ ಅಕ್ಕಂದಿರು ಈಗ ಮನಸ್ಸು ಬಂದಾಗ ತವರಿಗೆ ಹೋಗುತ್ತಾರೆ. ಆದರೆ ಮುಖ್ಯ ರಸ್ತೆಯವರೆಗೆ ಹೇಗಾದರೂ ಹೋಗಿ ಸರ್ಕಾರಿ ಬಸ್ಸು ಹಿಡಿಯುವವರು ಹೆಚ್ಚಾದಂತೆ ಇವರ ಬಸ್ಸಿನ ಕಲೆಕ್ಷನ್ ಇಳಿಯಿತು. ಮಾಲೀಕರು ಹನ್ನೊಂದರ ಟ್ರಿಪ್ ನಿಲ್ಲಿಸಿದರು, ಸಂಬಳ ಕಡಿಮೆ ಮಾಡಿದರು. ಕಂಡಕ್ಟರು ಚೀಲ ಒಪ್ಪಿಸಿ ಹೊರಬಂದರು. ಆ ಹೊತ್ತಿಗೆ ಮನೆಗಳ ಲೆಕ್ಕ ನೂರು ದಾಟಿತ್ತು. ಇಲ್ಲದಿದ್ದರೆ ಬರುತ್ತಿರಲಿಲ್ಲ ಅಂತ ನನ್ನ ಅಂದಾಜು.

ಈಗ ಗಟಾರ್ ಪಂಪು ಕಡಿಮೆಯಾಗುತ್ತಿದೆ. ಇಂಜಿನ್ನಿನ ಹೆಚ್‌ಟಿಪಿ ಸ್ಪ್ರೇಯರ್ ಬಂದಿದೆ, ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹೆಚ್‌ಟಿಪಿಯಲ್ಲಿ ಕೆಡುವ ರೀತಿಯೇ ಬೇರೆ. ಗಾಜಿನಲ್ಲಿ ಕಾಣುವ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ಒಳಗಿನ ಸೀಲು ಹೋಗಿ ನೀರು ಸೇರಿದೆ ಅಂತ. ಆಗ ಇನ್ನೊಂದು ಗಂಟೆ ಓಡಿಸೋಣ ಅಂದರೆ ಬೇರಿಂಗೂ ಹೋಗುತ್ತದೆ. ಈ ರಿಪೇರಿಗೆ ಏಳುನೂರು ಸಾಲದು. ಹೆಚ್‌ಟಿಪಿ ಇರುವ ಮನೆಗೆ ಅವರು ಬೇರೆ ರೇಟು ಮಾಡಿದ್ದಾರೆ, ಬದಲಿ ಪಂಪಿನ ಮಾತು ಅದಕ್ಕಿಲ್ಲ. ಅಷ್ಟು ಬಂಡವಾಳ ಅವರಲ್ಲಿಲ್ಲ.

ಸಾಮಾನು ಸಾಗಿಸಲು ಮಾತ್ರ ಇವತ್ತಿಗೂ ಅದೇ ಬಸ್ಸು ಬೇಕು. ಹೊಸ ಕಂಡಕ್ಟರು ಚಿಕ್ಕ ಹುಡುಗ. ಮೊದಲ ದಿನ ಪಂಪನ್ನು ಟಾಪಿಗೆ ಹಾಕಿ, ದುಡ್ಡು ಕೊಡಹೋದರೆ ಬೇಡ ಅಂತ ಕೈ ಆಡಿಸಿದ.

"ಅಯ್ಯೋ ಬಿಡಿ ಅಣ್ಣ, ಇಷ್ಟಕ್ಕೆಲ್ಲ ಏನು."

"ಹಾಗೆಲ್ಲ ಬೇಡ. ಪಂಪಿಗೆ ಮೂವತ್ತು, ಸಣ್ಣ ಪಾರ್ಸೆಲ್ಲಿಗೆ ಹತ್ತು. ಅರ್ಧ ಮಾಲೀಕರಿಗೆ, ಅರ್ಧ ನಿಂಗೆ. ಬರೆದಿಡು, ತಿಂಗಳ ಕೊನೆಗೆ ಲೆಕ್ಕ ನೋಡೋಣ. ಟಿಕೆಟ್ ಚೀಲಕ್ಕೆ ಮಾತ್ರ ಹಾಕ್ಬೇಡ."